ಕೇಳದೆ ಬಂದು ನಿಲ್ಲುವ ಜಾಹೀರಾತು

ಕೇಳುಗರೆಲ್ಲರಿಗೂ ನಮಸ್ಕಾರ. ಜಾಹೀರಾತು ವಿಷಯ ಓದುತ್ತಿರುವ ವಿದ್ಯಾರ್ಥಿಗಳಿಗೆ ಇವತ್ತಿನ ಮಾತು ಪಾಠದ ಒಂದು ಭಾಗ. ಗೆರಿಲ್ಲಾ ಮಾರ್ಕೆಟಿಂಗ್ ಮತ್ತು ಆಂಬುಷ್ ಮಾರ್ಕೆಟಿಂಗ್ ಅಂದರೆ ಏನು, ಅವು ಎಲ್ಲಿ ಜಾಣತನ, ಎಲ್ಲಿ ಅನ್ಯಾಯ ಅನ್ನುವುದನ್ನು ನೋಡೋಣ.

ಮೊದಲು ಒಂದು ರೊಟ್ಟಿಯ ಕಥೆ. 2013ರಲ್ಲಿ ಅಲಹಾಬಾದಿನಲ್ಲಿ ಮಹಾಕುಂಭಮೇಳ ನಡೆಯಿತು. ಕೋಟಿಗಟ್ಟಲೆ ಜನ. ಅಲ್ಲಿ ಒಂದು ಹೋರ್ಡಿಂಗ್ ನಿಲ್ಲಿಸಿದರೆ ಅದು ನೂರರಲ್ಲಿ ಒಂದಾಗಿ ಕಳೆದುಹೋಗುತ್ತದೆ. ಲೈಫ್‌ಬಾಯ್ ಸೋಪಿನವರು ಬೇರೆ ದಾರಿ ಹಿಡಿದರು. ಮೇಳದ ಊಟದ ಅಂಗಡಿಗಳಿಗೆ ಕಬ್ಬಿಣದ ಅಚ್ಚುಗಳನ್ನು ಕೊಟ್ಟರು. ರೊಟ್ಟಿ ಬೇಯುವಾಗಲೇ ಕಾದ ಅಚ್ಚನ್ನು ಅದರ ಮೇಲೆ ಒತ್ತಬೇಕು. ಶಾಯಿ ಇಲ್ಲ, ಬಣ್ಣ ಇಲ್ಲ, ಬರೀ ಸುಟ್ಟ ಗುರುತು. ತಟ್ಟೆಗೆ ಬೀಳುವ ಮೊದಲ ರೊಟ್ಟಿಯ ಮೇಲೆ ಹಿಂದಿಯಲ್ಲಿ ಒಂದು ಸಾಲು ಇರುತ್ತಿತ್ತು: ಲೈಫ್‌ಬಾಯ್‌ನಿಂದ ಕೈ ತೊಳೆದಿರಾ? ಹೀಗೆ ಸುಮಾರು 25 ಲಕ್ಷ ರೊಟ್ಟಿ ಜನರ ಕೈಗೆ ಹೋಯಿತು.

ಇದರ ಹಿಂದಿನ ಲೆಕ್ಕಾಚಾರ ಗಮನಿಸಿ. ಕೈ ತೊಳೆಯುವ ನೆನಪು ಬರಬೇಕಾದದ್ದು ರೊಟ್ಟಿ ಮುರಿಯುವ ಮುಂಚಿನ ಆ ಒಂದು ಕ್ಷಣದಲ್ಲಿ. ಟೀವಿ ಜಾಹೀರಾತು ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತಿಗೆ ನಿಮ್ಮ ಪಕ್ಕ ಇರುವುದಿಲ್ಲ. ರೊಟ್ಟಿ ಇರುತ್ತದೆ. ಗೆರಿಲ್ಲಾ ಮಾರ್ಕೆಟಿಂಗ್‌ನ ಜೀವ ಇರುವುದೇ ಇಲ್ಲಿ. ಕಡಿಮೆ ಖರ್ಚು, ಯಾರೂ ನಿರೀಕ್ಷಿಸದ ಜಾಗ, ಮತ್ತು ಕಂಡವರು ಇನ್ನೊಬ್ಬರಿಗೆ ಹೇಳುವಂಥ ವಿಷಯ. 1984ರಲ್ಲಿ ಈ ಹೆಸರನ್ನು ಚಾಲ್ತಿಗೆ ತಂದ ಅಮೆರಿಕದ ಜೇ ಕಾನ್ರಾಡ್ ಲೆವಿನ್ಸನ್ ಅವರ ಮನಸ್ಸಿನಲ್ಲಿ ಇದ್ದದ್ದು ಸಣ್ಣ ವ್ಯಾಪಾರಿಗಳು. ದುಡ್ಡಿಲ್ಲದವರು ತಲೆ ಓಡಿಸಿ ದೊಡ್ಡವರ ಎದುರು ನಿಲ್ಲಲಿ ಅನ್ನುವುದು ಆಶಯ. ಆಮೇಲೆ ದೊಡ್ಡ ಕಂಪನಿಗಳೇ ಇದನ್ನು ಜಾಸ್ತಿ ಬಳಸಿಕೊಂಡವು.

ಊಟದ ಮೇಲೆ ಜಾಹೀರಾತು ಸರಿಯಾ? ಅನ್ನವನ್ನು ದೇವರು ಅನ್ನುವ ನಮಗೆ ಸ್ವಲ್ಪ ಮುಜುಗರ ಆಗುವುದು ಸಹಜ. ಆದರೂ ಇದನ್ನು ನಾನು ತಪ್ಪು ಅನ್ನುವುದಿಲ್ಲ. ಮೋಸ ಇಲ್ಲ, ಕಂಪನಿಯ ಹೆಸರು ರೊಟ್ಟಿಯ ಮೇಲೇ ಇದೆ. ಕೇಳಿದ ಪ್ರಶ್ನೆಯಿಂದ ತಿನ್ನುವವರಿಗೇ ಉಪಯೋಗ.

ಇನ್ನೊಂದು ಪ್ರಸಂಗ ನೋಡಿ. 2002ರಲ್ಲಿ ಸೋನಿ ಎರಿಕ್ಸನ್ ಕಂಪನಿ ಕ್ಯಾಮೆರಾ ಜೋಡಿಸಬಹುದಾದ ಫೋನನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಫೋನಿನಲ್ಲಿ ಫೋಟೋ ತೆಗೆಯುವುದೇ ಆಗ ಹೊಸದು. ಕಂಪನಿ 60 ನಟರನ್ನು ಬಾಡಿಗೆಗೆ ಹಿಡಿದು 10 ಊರುಗಳಿಗೆ ಬಿಟ್ಟಿತು. ಅವರು ಪ್ರವಾಸಿಗರಂತೆ ನಟಿಸಿ, ದಾರಿಹೋಕರ ಹತ್ತಿರ ‘ನಮ್ಮದೊಂದು ಫೋಟೋ ತೆಗೀತೀರಾ’ ಎಂದು ಫೋನ್ ಕೊಡುತ್ತಿದ್ದರು. ಪಾಪ, ಅವರು ಫೋಟೋ ತೆಗೆದು, ಫೋನ್ ಚೆನ್ನಾಗಿದೆ ಅಂದುಕೊಂಡು ಹೋಗುತ್ತಿದ್ದರು. ತಾವು ಒಂದು ಜಾಹೀರಾತಿನ ಒಳಗೆ ನಿಂತಿದ್ದೆವು ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಯಾರಿಗೂ ಗಾಯ ಆಗಲಿಲ್ಲ, ದುಡ್ಡು ಹೋಗಲಿಲ್ಲ. ಹಾಗಿದ್ದರೂ ನನ್ನ ಪ್ರಕಾರ ಇದು ತಪ್ಪು. ಜಾಹೀರಾತು ಎಂದು ಗೊತ್ತಿದ್ದರೆ ನಾವು ಒಂದು ಬಗೆಯ ಎಚ್ಚರದಿಂದ ಕೇಳುತ್ತೇವೆ. ಅಪರಿಚಿತನಿಗೆ ಸಹಾಯ ಮಾಡುವಾಗ ಆ ಎಚ್ಚರ ಇರುವುದಿಲ್ಲ, ಇರಲೂಬಾರದು. ಅದನ್ನೇ ಬಳಸಿಕೊಂಡರೆ ಮುಂದೆ ನಿಜವಾದ ಪ್ರವಾಸಿಗನಿಗೂ ಜನ ಬೆನ್ನು ತಿರುಗಿಸುತ್ತಾರೆ. ದುಡ್ಡು ಪಡೆದು ಹೊಗಳುವ ಇನ್‌ಫ್ಲೂಯೆನ್ಸರ್‌ಗಳು ಅದನ್ನು ಸ್ಪಷ್ಟವಾಗಿ ಹೇಳಬೇಕು ಎಂದು ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ತಂದದ್ದಕ್ಕೂ ಇದೇ ಕಾರಣ.

ಇನ್ನು ಬಾಸ್ಟನ್. 2007ರ ಜನವರಿ 31. ಅಮೆರಿಕದ ಟರ್ನರ್ ಕಂಪನಿಯ ಒಂದು ಕಾರ್ಟೂನ್ ಕಾರ್ಯಕ್ರಮಕ್ಕೆ ಪ್ರಚಾರ ಬೇಕಿತ್ತು. ಒಂದು ಏಜೆನ್ಸಿ ಸಣ್ಣ ಬೋರ್ಡುಗಳನ್ನು ಮಾಡಿಸಿ, ಅದರಲ್ಲಿ ಎಲ್ಇಡಿ ದೀಪಗಳಿಂದ ಕಾರ್ಟೂನ್ ಪಾತ್ರ ಮೂಡಿಸಿ, ಊರೂರಲ್ಲಿ ಸೇತುವೆಗಳ ಕೆಳಗೆ, ಕಂಬಗಳ ಮೇಲೆ ಅಂಟಿಸಿತ್ತು. ಜೊತೆಗೆ ಬ್ಯಾಟರಿಗಳು, ಹೊರಗೆ ಕಾಣುವ ವೈರು. ಕಂಪನಿಯ ಹೆಸರಿಲ್ಲ. ಯಾರೋ ನೋಡಿ ಪೊಲೀಸರಿಗೆ ಹೇಳಿದರು. ಬಾಂಬ್ ನಿಷ್ಕ್ರಿಯ ದಳ ಬಂತು. ರಸ್ತೆಗಳನ್ನು, ಸೇತುವೆಗಳನ್ನು, ನದಿಯ ಒಂದು ಭಾಗವನ್ನೂ ಮುಚ್ಚಿದರು. ಟರ್ನರ್ ಮತ್ತು ಏಜೆನ್ಸಿ 20 ಲಕ್ಷ ಡಾಲರ್ ಕಟ್ಟಿಕೊಡಬೇಕಾಯಿತು, ಟರ್ನರ್‌ಗೇ ಸೇರಿದ ಕಾರ್ಟೂನ್ ನೆಟ್‌ವರ್ಕ್ ಚಾನೆಲ್‌ನ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಅದೇ ಬೋರ್ಡುಗಳು ಬೇರೆ ಊರುಗಳಲ್ಲೂ ಇದ್ದವು. ಅಲ್ಲಿ ಇಷ್ಟು ಗದ್ದಲ ಆಗಲಿಲ್ಲ. ಬಾಸ್ಟನ್ ಪೊಲೀಸರು ಅತಿ ಮಾಡಿದರು ಎಂದು ವಾದಿಸುವವರು ಇದ್ದಾರೆ. ಆದರೆ ಅಂದು ಬಂಧಿತರಾದವರು ಯಾರು? ಯೋಜನೆ ಮಾಡಿದವರಲ್ಲ, ಕೂಲಿಗೆ ಬೋರ್ಡು ಅಂಟಿಸಿದ ಇಬ್ಬರು ಯುವಕರು. ಮೊಕದ್ದಮೆ ಆಮೇಲೆ ಕೈಬಿಟ್ಟರು, ಆದರೆ ಅವರು ಕ್ಷಮೆ ಕೇಳಿ, ಸಮುದಾಯ ಸೇವೆ ಮಾಡಬೇಕಾಯಿತು. ಬೋರ್ಡಿನ ಹಿಂದೆ ಕಂಪನಿಯ ಹೆಸರು, ಒಂದು ಫೋನ್ ನಂಬರು ಬರೆದಿದ್ದರೆ, ಸೇತುವೆಯ ಇಲಾಖೆಗೂ ಠಾಣೆಗೂ ಮೊದಲೇ ತಿಳಿಸಿದ್ದರೆ, ಇದು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಹಾಗೆ ತಿಳಿಸಿದರೆ ಮಜಾ ಹೋಗುತ್ತದೆ ಅನ್ನುವವರಿದ್ದಾರೆ. ಅಚ್ಚರಿ ಬೇಕಾಗಿರುವುದು ನೋಡುವವರಿಗೆ, ಪೊಲೀಸರಿಗಲ್ಲ ಅಲ್ವಾ?

ಈಗ ಆಂಬುಷ್ ಮಾರ್ಕೆಟಿಂಗ್‌ಗೆ ಬರೋಣ. ಗೆರಿಲ್ಲಾದಲ್ಲಿ ಕಂಪನಿ ಬೀದಿಗೆ ಇಳಿದು ಜನರ ಗಮನ ಸೆಳೆಯುತ್ತದೆ. ಆಂಬುಷ್‌ನಲ್ಲಿ ಮತ್ತೊಬ್ಬರು ದುಡ್ಡು ಕೊಟ್ಟು ಪಡೆದ ಗಮನವನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ಮದುವೆಯ ಖರ್ಚೆಲ್ಲ ಒಬ್ಬರದು, ಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯುವವರು ಇನ್ನೊಬ್ಬರು.

ನಮ್ಮವರಿಗೆ ಚೆನ್ನಾಗಿ ನೆನಪಿರುವುದು 1996ರ ವಿಲ್ಸ್ ವಿಶ್ವಕಪ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು 39 ರನ್ನುಗಳಿಂದ ಸೋಲಿಸಿದ ಕ್ವಾರ್ಟರ್ ಫೈನಲ್ ಅದೇ ಪಂದ್ಯಾವಳಿಯದು. ಆ ವಿಶ್ವಕಪ್‌ನ ಅಧಿಕೃತ ತಂಪು ಪಾನೀಯ ಕೋಕಾ ಕೋಲಾ. ಆ ಪಟ್ಟಕ್ಕಾಗಿ ಅವರು ಆಯೋಜಕರಿಗೆ ದೊಡ್ಡ ಮೊತ್ತ ಕೊಟ್ಟಿದ್ದರು. ಪೆಪ್ಸಿಯವರು ‘ನಥಿಂಗ್ ಅಫಿಶಿಯಲ್ ಅಬೌಟ್ ಇಟ್’ ಎಂಬ ಸಾಲಿನೊಂದಿಗೆ ಸಚಿನ್ ತೆಂಡೂಲ್ಕರ್ ಅವರಂಥ ಆಟಗಾರರನ್ನು ಜಾಹೀರಾತಿಗೆ ತಂದರು. ವಿಶ್ವಕಪ್‌ನ ಲಾಂಛನ ಬಳಸಲಿಲ್ಲ. ಆದರೂ ಇವತ್ತಿಗೂ ಆ ವರ್ಷದ ಜಾಹೀರಾತು ಅಂದರೆ ಜನರ ಬಾಯಿಗೆ ಬರುವುದು ಪೆಪ್ಸಿಯ ಸಾಲೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೆಪ್ಸಿ ಸುಳ್ಳು ಹೇಳಲಿಲ್ಲ. ನಾವು ಅಧಿಕೃತ ಅಲ್ಲ ಎಂದು ತಾನೇ ಕೂಗಿ ಹೇಳಿತು! ನಾವೇ ಪ್ರಾಯೋಜಕರು ಎಂದು ನಂಬಿಸಿದರೆ ಅದು ಮೋಸ. ಪ್ರಾಯೋಜಕತ್ವವನ್ನೇ ಗೇಲಿ ಮಾಡಿದರೆ ಅದನ್ನು ಮೋಸ ಅನ್ನುವುದು ಕಷ್ಟ.

ಭಾರತದ ನ್ಯಾಯಾಲಯವೂ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದೆ. 2003ರ ವಿಶ್ವಕಪ್ ಸಮಯದಲ್ಲಿ ಫಿಲಿಪ್ಸ್ ಸರಕು ಕೊಂಡವರಿಗೆ ವಿಶ್ವಕಪ್ ಟಿಕೆಟ್ ಬಹುಮಾನ ಎಂಬ ಜಾಹೀರಾತು ಬಂತು. ‘ದಿವಾಲಿ ಮನಾವೋ, ವರ್ಲ್ಡ್ ಕಪ್ ಜಾವೋ’ ಅನ್ನುವ ಸಾಲು. ಐಸಿಸಿಯ ವ್ಯಾಪಾರ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಲಾಂಛನ ಬಳಸಿಲ್ಲ, ವರ್ಲ್ಡ್ ಕಪ್ ಅನ್ನುವುದು ಎಲ್ಲರೂ ಬಳಸುವ ಮಾತು, ಟಿಕೆಟ್ ಬಹುಮಾನ ಕೊಟ್ಟ ಮಾತ್ರಕ್ಕೆ ಇವರೇ ಪ್ರಾಯೋಜಕರು ಎಂದು ಜನ ತಪ್ಪು ತಿಳಿಯುವುದಿಲ್ಲ ಅನ್ನುವುದು ಅದರ ತರ್ಕ. ಅದೇ ವಿಶ್ವಕಪ್‌ನ ಲಾಂಛನವನ್ನೇ ಎತ್ತಿಕೊಂಡು ಬಳಸಿದ ಇನ್ನೊಂದು ಪ್ರಕರಣದಲ್ಲಿ ಮಾತ್ರ ಕೋರ್ಟು ತಡೆ ಹಾಕಿತು. ಚಿತ್ರಕ್ಕೆ ಒಡೆಯರಿದ್ದಾರೆ, ಮಾತಿಗೆ ಇಲ್ಲ. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ಮ್ಯಾಚಿನ ದಿನ ಬೋಂಡಾ ಅಂಗಡಿಯವರು ವಿಶ್ವಕಪ್ ಸ್ಪೆಷಲ್ ಎಂದು ಬೋರ್ಡು ಬರೆಯುವುದಕ್ಕೂ ಹೆದರಬೇಕಾಗುತ್ತಿತ್ತು.

ಹಾಗೆಂದು ಪ್ರಾಯೋಜಕರ ನೋವನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಅವರ ದುಡ್ಡಿನಿಂದಲೇ ಎಷ್ಟೋ ಪಂದ್ಯಾವಳಿ ನಡೆಯುತ್ತದೆ. ಕ್ರಿಕೆಟ್ ಹೇಗೋ ತಡೆದುಕೊಳ್ಳುತ್ತದೆ. ಒಂದು ಜಿಲ್ಲಾ ಕಬಡ್ಡಿ ಪಂದ್ಯಾವಳಿಗೆ ಇರುವ ಒಬ್ಬ ಪ್ರಾಯೋಜಕ ಬೇಸತ್ತು ಹೋದರೆ ಮುಂದಿನ ವರ್ಷ ಆಟವೇ ಇಲ್ಲ. ಅಂಥ ಕಡೆ ಆಂಬುಷ್ ಮಾಡುವುದು ಕಾನೂನಿನಲ್ಲಿ ಪಾರಾದರೂ ಸಣ್ಣತನ.

ಕೊನೆಯದಾಗಿ ದಕ್ಷಿಣ ಆಫ್ರಿಕಾ. 2010ರ ಫುಟ್‌ಬಾಲ್ ವಿಶ್ವಕಪ್. ಅಧಿಕೃತ ಬಿಯರ್ ಬಡ್‌ವೈಸರ್. ಜೊಹಾನೆಸ್‌ಬರ್ಗ್‌ನಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್ ಪಂದ್ಯಕ್ಕೆ 36 ಯುವತಿಯರು ಒಂದೇ ಬಗೆಯ ಕಿತ್ತಳೆ ಬಣ್ಣದ ಗಿಡ್ಡ ಉಡುಪು ತೊಟ್ಟು ಬಂದರು. ಕಿತ್ತಳೆ ಡಚ್ಚರ ಬಣ್ಣ, ಅದರಲ್ಲಿ ವಿಶೇಷ ಇಲ್ಲ. ಉಡುಪಿನ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣ ಪಟ್ಟಿ ಬಿಟ್ಟರೆ ಹೆಸರೂ ಇಲ್ಲ. ಆದರೆ ಅದೇ ಉಡುಪನ್ನು ಬವೇರಿಯಾ ಅನ್ನುವ ಡಚ್ ಬಿಯರ್ ಕಂಪನಿ ತನ್ನ ಬಿಯರ್ ಜೊತೆ ಕೊಡುತ್ತಿದ್ದ ಕಾರಣ, ನೆದರ್‌ಲ್ಯಾಂಡ್ಸ್‌ನಲ್ಲಿ ಟೀವಿ ನೋಡುವವರಿಗೆ ಗುಟ್ಟು ಗೊತ್ತಿತ್ತು. ಯುವತಿಯರನ್ನು ಮೈದಾನದಿಂದ ಹೊರಗೆ ಕರೆದೊಯ್ದು ವಿಚಾರಣೆ ಮಾಡಿದರು. ಇಬ್ಬರನ್ನು ಬಂಧಿಸಿ, ಕ್ರಿಮಿನಲ್ ಮೊಕದ್ದಮೆ ಹಾಕಿದರು. ಆ ದೇಶದಲ್ಲಿ ಅಂಥ ಪಂದ್ಯಾವಳಿಗಳನ್ನು ಕಾಯಲು ಅಷ್ಟು ಕಠಿಣ ಕಾನೂನಿತ್ತು. ಫಿಫಾ ಮತ್ತು ಕಂಪನಿ ಒಪ್ಪಂದ ಮಾಡಿಕೊಂಡ ಮೇಲೆ ಮೊಕದ್ದಮೆ ಬಿದ್ದುಹೋಯಿತು.

ಇಲ್ಲಿ ಎರಡೂ ಕಡೆ ತಪ್ಪು ಕಾಣುತ್ತದೆ. ಉಡುಪಿನ ಬಣ್ಣಕ್ಕೆ ಜೈಲಿನ ಭಯ ತೋರಿಸುವ ಕಾನೂನು ಅತಿಯಾಯಿತು. ಅಂಥ ಕಾನೂನು ಇದೆ ಎಂದು ಗೊತ್ತಿರಬೇಕಾದ ಕಂಪನಿ ಆ ಯುವತಿಯರನ್ನು ಮುಂದೆ ನಿಲ್ಲಿಸಿದ್ದು ಅದಕ್ಕಿಂತ ಕೆಟ್ಟದ್ದು. ಪ್ರಪಂಚದ ಪತ್ರಿಕೆಗಳಲ್ಲಿ ಬಂದ ಹೆಸರಿನ ಲಾಭ ಕಂಪನಿಯದು. ಠಾಣೆಯಲ್ಲಿ ಕೂತವರು ಆ ಹೆಣ್ಣುಮಕ್ಕಳು.

ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆ ನೀವೂ ಇಂಥದ್ದೊಂದು ಐಡಿಯಾ ಬರೆಯುತ್ತೀರಿ. ಕರ್ನಾಟಕದಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗಗಳ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ. ಅನುಮತಿ ಇಲ್ಲದೆ ಗೋಡೆಗೆ ಪೋಸ್ಟರ್ ಹಚ್ಚಿದರೆ ಶಿಕ್ಷೆ ಆಗಬಹುದು. ರಾತ್ರಿ ಸಿಕ್ಕಿಬೀಳುವುದು ಅಂಟಿನ ಬಕೆಟ್ ಹಿಡಿದ ಹುಡುಗ. ಅದಕ್ಕೇ ನಿಮ್ಮ ಯೋಜನೆಯಲ್ಲಿ ಜಾಗ ಯಾರದು, ಅನುಮತಿ ಕೊಟ್ಟವರು ಯಾರು, ಯಾವತ್ತು ತೆಗೆಯುತ್ತೀರಿ ಎಂದು ಬರೆಯಿರಿ. ಜೊತೆಗೆ, ಪೊಲೀಸರು ಆ ಹುಡುಗನನ್ನು ಹಿಡಿದರೆ ಅವನು ತೋರಿಸಬೇಕಾದ ಪತ್ರವನ್ನೂ, ಅದಕ್ಕೆ ಸಹಿ ಹಾಕುವ ಕಂಪನಿಯ ಅಧಿಕಾರಿಯ ಹುದ್ದೆಯನ್ನೂ ಸೇರಿಸಿ. ಸಹಿ ಹಾಕಲು ಯಾರೂ ಒಪ್ಪದಿದ್ದರೆ ಆ ಐಡಿಯಾ ಬಿಟ್ಟು ಬೇರೆಯದನ್ನು ಹುಡುಕಿ. ನಮಸ್ಕಾರ.