ಶುಗರ್ ಇಳಿಯುತ್ತಿಲ್ಲವಾ? ಒಸಡನ್ನೂ ಒಮ್ಮೆ ಅಳೆಸಿ ನೋಡಿ

ಸ್ಕ್ರೀನ್ ಮೇಲೆ ಒಂದು ಹಾಳೆ ಕಾಣುತ್ತಿದೆ ಅಲ್ವಾ, 3, 3, 6, 5, 4, 7 ಅಂತ ಸಾಲಾಗಿ ಅಂಕಿ ಬರೆದಿರುವುದು. ಇದು ನಮ್ಮ ದೊಡ್ಡಪ್ಪನ ಒಸಡಿನ ಅಳತೆ. ಅವರನ್ನು ಕೇಳಿಯೇ ತೋರಿಸುತ್ತಿದ್ದೇನೆ. ದೊಡ್ಡಪ್ಪ ದಾವಣಗೆರೆಯಲ್ಲಿದ್ದಾರೆ, ಶುಗರ್ ಬಂದು ಬಹಳ ವರ್ಷ ಆಯಿತು. ಮಾತ್ರೆ ತಪ್ಪಿಸುವುದಿಲ್ಲ, ಬೆಳಗ್ಗೆ ವಾಕಿಂಗ್ ತಪ್ಪಿಸುವುದಿಲ್ಲ. ಆದರೂ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗಲೆಲ್ಲ 8.7ರ ಆಸುಪಾಸಿನಲ್ಲೇ ಬರುತ್ತಿತ್ತು.

ಅವರು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದು ಶುಗರ್‌ಗಾಗಿ ಅಲ್ಲ, ಕೆಳಗಿನ ಒಂದು ದವಡೆ ಹಲ್ಲು ಅಲುಗಾಡುತ್ತಿದೆ ಅಂತ. ಡಾಕ್ಟರ್ ಒಂದು ಸಣ್ಣ ಕಡ್ಡಿ ತೆಗೆದುಕೊಂಡರು. ಅದರ ತುದಿಯಲ್ಲಿ ಮಿಲಿಮೀಟರ್ ಗುರುತು ಇರುತ್ತದೆ. ಹಲ್ಲಿಗೂ ಒಸಡಿಗೂ ನಡುವೆ ಅದನ್ನು ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳೆದರು. 1ರಿಂದ 3 ಬಂದರೆ ಒಸಡು ಹಲ್ಲನ್ನು ಬಿಗಿಯಾಗಿ ಹಿಡಿದಿದೆ ಅಂತ. 4 ಮುಟ್ಟಿತು ಅಂದರೆ ಅಲ್ಲಿ ಒಸಡು ಬಿಟ್ಟುಕೊಂಡು ಜೇಬಿನ ಹಾಗೆ ಸಂದಿ ಆಗಿದೆ. 6, 7 ಅಂದರೆ ಒಳಗೆ ಮೂಳೆಯೂ ಕರಗಿದೆ. ಅಳೆಯುತ್ತಿದ್ದ ಹಾಗೇ ಹಲವು ಕಡೆ ರಕ್ತ ಬಂತು. ಆಮೇಲೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಸರ್, ನಿಮ್ಮ ಎಚ್‌ಬಿಎ1ಸಿ ಎಷ್ಟಿದೆ?"

ಯಾಕೆ ಕೇಳಿದರು ಅಂದರೆ, ಶುಗರ್, ಒಸಡು ಕಾಯಿಲೆ ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಗಾಯ ಮಾಯುವುದು ತಡ, ಬಾಯಿ ಒಣಗುತ್ತದೆ. ಒಸಡಿನ ಅಂಚಿನಲ್ಲಿ ಕೂತ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಇದು ಅನುಕೂಲ. ಒಸಡು ಊದಿಕೊಂಡೇ ಇರುತ್ತದೆ, ನಿಧಾನವಾಗಿ ಮೂಳೆ ಕರಗುತ್ತದೆ. ಶುಗರ್ ಇರುವವರಿಗೆ, ಅದರಲ್ಲೂ ಹತೋಟಿಯಲ್ಲಿ ಇಲ್ಲದವರಿಗೆ, ಒಸಡು ಕಾಯಿಲೆ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಜಾಸ್ತಿ.

ಈಗ ಉಲ್ಟಾ ದಾರಿ ನೋಡಿ. ಜ್ವರ ಬಂದಾಗ ಶುಗರ್ ಏರುತ್ತದೆ ಅನ್ನುವುದು ಮನೆಯಲ್ಲಿ ಶುಗರ್ ಇರುವವರಿಗೆಲ್ಲ ಗೊತ್ತು. ಸೋಂಕಿನ ವಿರುದ್ಧ ಮೈ ಹೋರಾಡುವಾಗ ಹೊರಡುವ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಜ್ವರ ನಾಲ್ಕು ದಿನಕ್ಕೆ ಹೋಗುತ್ತದೆ. ಒಸಡಿನ ಸೋಂಕು ಹಾಗಲ್ಲ, ವರ್ಷಗಟ್ಟಲೆ ಇರುತ್ತದೆ, ಅದೇ ರಾಸಾಯನಿಕಗಳನ್ನು ದಿನವೂ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡುತ್ತಾ ಹೋಗುತ್ತದೆ, ಮತ್ತೆ ಬಹಳ ಜನಕ್ಕೆ ಅದು ನೋಯುವುದೇ ಇಲ್ಲ. ಕಾಲಿನಲ್ಲಿ ಸಣ್ಣ ಗಾಯ ಆದರೂ ದೊಡ್ಡಪ್ಪ ಅದೇ ದಿನ ಓಡುತ್ತಾರೆ. ಬಾಯಿಯ ಗಾಯಕ್ಕೆ ಮಾತ್ರ ಯಾರೂ ಓಡುವುದಿಲ್ಲ.

ಹಲ್ಲು ಉಜ್ಜುವಾಗ ರಕ್ತ ಬರುತ್ತಿತ್ತಾ ಅಂತ ನಾನು ಕೇಳಿದೆ. "ಬರ್ತಿತ್ತು ಕಣಮ್ಮಾ, ಅದಕ್ಕೇ ಆ ಕಡೆ ಬ್ರಷ್ ಮುಟ್ಟಿಸ್ತಿರಲಿಲ್ಲ" ಅಂದರು. ಇಲ್ಲೇ ಎಲ್ಲ ಕೆಡುವುದು. ರಕ್ತ ಬರುವ ಜಾಗದಲ್ಲೇ ಪಾಚಿ ಇರುವುದು, ಅಲ್ಲಿ ಉಜ್ಜುವುದು ಬಿಟ್ಟರೆ ಪಾಚಿ ಗಟ್ಟಿಯಾಗಿ ಕಿಟ್ಟ ಆಗುತ್ತದೆ. ಕಿಟ್ಟ ಆದ ಮೇಲೆ ಯಾವ ಬ್ರಷ್‌ಗೂ ಬರುವುದಿಲ್ಲ. ಬೀಡಿ, ಸಿಗರೇಟು ಸೇದುವವರು ಇನ್ನೊಂದು ತಿಳಿದಿರಬೇಕು: ಅವರ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ಒಳಗೆ ಕಾಯಿಲೆ ಇದ್ದರೂ ಹೊರಗೆ ಚೆನ್ನಾಗಿಯೇ ಕಾಣುತ್ತದೆ.

ದೊಡ್ಡಪ್ಪನಿಗೆ ಮಾಡಿದ್ದು ಡೀಪ್ ಕ್ಲೀನಿಂಗ್. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡಿನ ಕೆಳಗೆ ಬೇರಿಗೆ ಅಂಟಿದ ಕಿಟ್ಟವನ್ನು ತೆಗೆಯುತ್ತಾರೆ. ಒಂದು ದಿನ ಬಲಗಡೆ, ಇನ್ನೊಂದು ದಿನ ಎಡಗಡೆ ಅಂತ ಮಾಡಿದರು. ಶುಗರ್ ಇರುವವರು ಬೆಳಗಿನ ಹೊತ್ತೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ತಿಂಡಿ ತಿಂದು, ಮಾತ್ರೆ ನುಂಗಿಯೇ ಹೋಗಿ. ಇಂಜೆಕ್ಷನ್ ಆದ ಮೇಲೆ ತುಟಿ, ಕೆನ್ನೆ ಮರಗಟ್ಟಿ ಒಂದೆರಡು ಗಂಟೆ ಸರಿಯಾಗಿ ತಿನ್ನಲು ಆಗುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ನೋ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ತೆಗೆದುಕೊಂಡು ಹೋದರೆ ಶುಗರ್ ಇಳಿದು ಬೆವರು, ನಡುಕ ಶುರುವಾಗಬಹುದು. ಗ್ಲುಕೋಮೀಟರ್ ಬ್ಯಾಗಿನಲ್ಲಿರಲಿ.

ಕ್ಲೀನಿಂಗ್ ಆದ ಮೇಲೆ ಹಲ್ಲು ಉದ್ದ ಕಂಡವು, ನಡುವೆ ಸಂದಿ ಕಂಡಿತು, ತಣ್ಣೀರು ಜುಂ ಅಂದಿತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವ ಮಾತು ಹುಟ್ಟಿದ್ದು ಇದರಿಂದಲೇ ಇರಬೇಕು. ಆದರೆ ಆ ಸಂದಿ ಮೊದಲೇ ಇತ್ತು, ಕಿಟ್ಟ ಮತ್ತು ಊದಿದ ಒಸಡು ಅದನ್ನು ಮುಚ್ಚಿದ್ದವು. ಊತ ಇಳಿದಾಗ ಕಾಣಿಸಿತು ಅಷ್ಟೇ.

ಇನ್ನು ಮನೆಯ ಕೆಲಸ. ಮೊದಲು ಅವರು ಕೆಂಪು ಹಲ್ಲಿನಪುಡಿಯಲ್ಲಿ ಬೆರಳಿಂದ ಉಜ್ಜಿ, ಮೇಲೆ ಒಮ್ಮೆ ಬ್ರಷ್ ಆಡಿಸುತ್ತಿದ್ದರು. ಈಗ ಮೆತ್ತನೆ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಈ ಕ್ಲೋಸಪ್‌ನಲ್ಲಿ ನೋಡಿ, ಬ್ರಷ್ ಓರೆಯಾಗಿ, ಎಳೆಗಳ ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಇದೆ. ಒತ್ತುತ್ತಿಲ್ಲ, ಸುಮ್ನೆ ಅಲ್ಲೇ ಸಣ್ಣದಾಗಿ ಅಲ್ಲಾಡಿಸುತ್ತಿದ್ದಾರೆ.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಮಾಡಿದ್ದು ಆಮೇಲಿನ ಕೆಲಸ, ಹಲ್ಲಿನ ಸಂದಿಗೆ ಹಾಕುವ ಈ ಪುಟ್ಟ ಬ್ರಷ್. ದೊಡ್ಡ ಬ್ರಷ್ ಸಂದಿಯೊಳಗೆ ಹೋಗುವುದೇ ಇಲ್ಲ, ಒಸಡು ಕಾಯಿಲೆ ಜೋರಾಗಿರುವುದು ಹೆಚ್ಚಾಗಿ ಸಂದಿಯಲ್ಲೇ. ಅಳತೆ ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಸ್ವಲ್ಪ ಬಿಗಿ ಅನಿಸಬೇಕು, ಆದರೆ ತಂತಿ ಬಾಗುವಷ್ಟು ತಳ್ಳಬಾರದು. ರಾತ್ರಿ ಉಜ್ಜುವ ಮೊದಲು ಒಂದು ಸಲ ಸಾಕು. ಸಂದಿ ಇಲ್ಲದ ಕಡೆ ಫ್ಲಾಸ್ ಅನ್ನುವ ಹಲ್ಲಿನ ದಾರ ಬಳಸಿ. ಮೊದಲ ವಾರ ರಕ್ತ ಬರುತ್ತದೆ, ನಿಲ್ಲಿಸಬೇಡಿ, ದಿನ ಕಳೆದ ಹಾಗೆ ಕಡಿಮೆ ಆಗಬೇಕು. ಎರಡು ವಾರ ಆದರೂ ಒಂದೇ ಜಾಗದಲ್ಲಿ ಬರುತ್ತಲೇ ಇದ್ದರೆ ಅಲ್ಲಿ ಕೆಳಗೆ ಕಿಟ್ಟ ಉಳಿದಿರಬಹುದು, ತೋರಿಸಿ. ಮೌತ್‌ವಾಶ್ ಇದಕ್ಕೆ ಬದಲಿ ಅಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ, ಜಾಸ್ತಿ ದಿನ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ.

ಮೂರು ತಿಂಗಳ ನಂತರ ಮತ್ತೆ ಅಳೆದರು. 5 ಇದ್ದ ಕಡೆ ಬಹುಪಾಲು 3, 4ಕ್ಕೆ ಬಂದಿವೆ. ಎಚ್‌ಬಿಎ1ಸಿ 8.2. ಮಾತ್ರೆ ಬದಲಾಯಿಸಿರಲಿಲ್ಲ. ಒಬ್ಬರ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ, ಊಟದಲ್ಲೂ ಏನಾದರೂ ಬದಲಾಗಿರಬಹುದು. ಆದರೆ 2022ರಲ್ಲಿ ಕೊಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಒಸಡಿನ ಚಿಕಿತ್ಸೆ ಆದವರಲ್ಲಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿತ್ತು. ಶುಗರ್ ಮಾತ್ರೆ ಬಿಡಲು ಇದು ಸಾಲುವುದಿಲ್ಲ, ದಯವಿಟ್ಟು ಬಿಡಬೇಡಿ. ಆದರೆ ಡೋಸ್ ಏರಿಸುವ ಮಾತು ಬಂದಾಗ, ನಿಮ್ಮ ಶುಗರ್ ಡಾಕ್ಟರಿಗೆ ಒಸಡಿನಲ್ಲಿ ರಕ್ತ ಬರುವುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಆ ಅಲುಗಾಡುವ ದವಡೆ ಹಲ್ಲಿನ ಹತ್ತಿರ ಮಾತ್ರ 7 ಇದ್ದದ್ದು 6ಕ್ಕೆ ಬಂದು ನಿಂತಿದೆ. ಅಲ್ಲಿ ಬೇರುಗಳು ಕವಲೊಡೆಯುವ ಜಾಗದ ತನಕ ಮೂಳೆ ಹೋಗಿದೆ, ಬ್ರಷ್ ಮುಟ್ಟುವುದು ಕಷ್ಟ. ಒಸಡು ಬಿಡಿಸಿ ಕ್ಲೀನ್ ಮಾಡುವ ಸಣ್ಣ ಸರ್ಜರಿ ಬೇಕಾಗಬಹುದಂತೆ, ಗಾಯ ಬೇಗ ಮಾಯಲು ಅದಕ್ಕೆ ಮೊದಲು ಶುಗರ್ ಇನ್ನಷ್ಟು ಇಳಿಯಬೇಕಂತೆ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್, ಜೊತೆಗೆ ಈ ಅಳತೆ. ಮುಂದಿನ ಅಳತೆ ಬಂದಾಗ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.