ಬೋರೆ ಮರದ ನೆಪದಲ್ಲಿ

ಕೇಳುಗರಿಗೆ ನಮಸ್ಕಾರ.

ಛತ್ತೀಸ್‌ಗಢದ ಭತ್ತದ ಗದ್ದೆಗಳಲ್ಲಿ ಹಾಡುವ ಒಂದು ಬಗೆಯ ಹಾಡಿದೆ. ಅದರ ಹೆಸರು ದದರಿಯಾ. ಎರಡೇ ಸಾಲು. ಒಬ್ಬ ಹುಡುಗ ಎರಡು ಸಾಲು ಎಸೆಯುತ್ತಾನೆ, ಒಬ್ಬ ಹುಡುಗಿ ಎರಡು ಸಾಲು ತಿರುಗಿಸಿ ಎಸೆಯುತ್ತಾಳೆ. ಕೈಯಲ್ಲಿ ಕುಡುಗೋಲು ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡು ಸಾಲಿನ ಬಗ್ಗೆ. ಒಬ್ಬರನ್ನೊಬ್ಬರು ಕೀಟಲೆ ಮಾಡುತ್ತಲೇ ಮನಸ್ಸು ಕೇಳುವ ಕೆಲಸವನ್ನು ಇವು ಹೇಗೆ ಮಾಡುತ್ತವೆ ಎನ್ನುವುದರ ಬಗ್ಗೆ.

ಮೊದಲು ಆ ಗದ್ದೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಕಾರ್ತಿಕ ಕಳೆಯುವ ಹೊತ್ತಿಗೆ ಭತ್ತ ಹಣ್ಣಾಗಿರುತ್ತದೆ. ಕೊಯ್ಲಿಗೆ ಅಲ್ಲಿನವರು ‘ಲುವಾಯಿ’ ಅನ್ನುತ್ತಾರೆ. ಗಂಡಸರು, ಹೆಂಗಸರು ಸಾಲಾಗಿ ಬಗ್ಗಿ ಕೊಯ್ಯುತ್ತಾ ಮುಂದೆ ಹೋಗುತ್ತಾರೆ. ಕೊಯ್ದದ್ದನ್ನು ಹಿಡಿಹಿಡಿಯಾಗಿ ನೆಲದ ಮೇಲೆ ಹಾಸುತ್ತಾರೆ. ಆ ಹಿಡಿಗೆ ‘ಕರ್ಪಾ’ ಎಂದು ಹೆಸರು. ಅದು ಒಣಗಿದ ಮೇಲೆ ಹೊರೆ ಕಟ್ಟಿ ಕಣಕ್ಕೆ ಸಾಗಿಸುತ್ತಾರೆ. ಬಗ್ಗಿ ಕೊಯ್ಯುವವರ ಮುಖ ಒಬ್ಬರಿಗೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ. ದದರಿಯಾ ಹುಟ್ಟುವುದೇ ಇಂಥಲ್ಲಿ. ಕಾಡಿನಲ್ಲಿ ಹಿಪ್ಪೆ ಹೂ ಆಯುವಾಗಲೂ ಹಾಡುತ್ತಾರೆ. ಮನೆಯೊಳಗೆ, ಹಿರಿಯರ ಎದುರು ಕೂತು ಹಾಡುವ ಹಾಡು ಇದಲ್ಲ. ಇದಕ್ಕೆ ಬಯಲು ಬೇಕು.

ಈಗ ಆ ಎರಡು ಸಾಲಿನ ಕಟ್ಟಡ ನೋಡೋಣ. ಮೊದಲ ಸಾಲಿನಲ್ಲಿ ಸುತ್ತಮುತ್ತ ಕಾಣುವ ಯಾವುದೋ ವಸ್ತು ಬರುತ್ತದೆ. ಮರ, ಹಕ್ಕಿ, ಬುಟ್ಟಿ, ತಂಗಳನ್ನ, ಏನು ಬೇಕಾದರೂ ಆಗಬಹುದು. ಎರಡನೆಯ ಸಾಲಿನಲ್ಲಿ ಮನಸ್ಸಿನ ಮಾತು ಬರುತ್ತದೆ. ಎರಡಕ್ಕೂ ಅರ್ಥದಲ್ಲಿ ಸಂಬಂಧ ಇರಲೇಬೇಕು ಅಂತಿಲ್ಲ. ಕೊನೆಯಲ್ಲಿ ಪ್ರಾಸ ಕೂಡಿದರೆ ಸಾಕು. ತುಂಬಾ ಜನ ಮೊದಲ ಸಾಲನ್ನು ಬರೀ ಪ್ರಾಸಕ್ಕೆ ತಂದದ್ದು ಎಂದು ಬಿಟ್ಟುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೀಟಲೆ ನಡೆಯುವುದಕ್ಕೆ ಜಾಗ ಮಾಡಿಕೊಡುವುದೇ ಆ ಮೊದಲ ಸಾಲು.

ಒಂದು ಉದಾಹರಣೆ ಕೊಡುತ್ತೇನೆ. ಇದು ಅಲ್ಲಿನ ಯಾವ ಹಾಡೂ ಅಲ್ಲ. ಅಚ್ಚು ಅರ್ಥವಾಗಲಿ ಅಂತ ಕನ್ನಡದಲ್ಲಿ ನಾನೇ ಕಟ್ಟಿದ್ದು. ಗದ್ದೆಯ ಬದುವಿನ ಮೇಲೆ ಒಂದು ಬೋರೆ ಮರ ಇದೆ ಅಂದುಕೊಳ್ಳಿ. ಹುಡುಗ ಹಾಡುತ್ತಾನೆ:

ಗದ್ದೆಯ ಬದುವಲ್ಲಿ ಬೆಳೆದಿದೆ ಬೋರೆ,
ಹಿಂದಿರುಗಿ ಒಂದ್ಸಲ ನೋಡಬಾರದೇ ನೀರೆ?

ಮೊದಲ ಸಾಲನ್ನು ಯಾರು ಬೇಕಾದರೂ ಹೇಳಬಹುದು. ಮರ ಅಲ್ಲೇ ಇದೆ, ಎಲ್ಲರಿಗೂ ಕಾಣುತ್ತಿದೆ. ಅದನ್ನು ಹಾಡುವಾಗ ಹುಡುಗ ಇನ್ನೂ ಏನನ್ನೂ ಕೇಳಿಲ್ಲ. ಆದರೆ ಸಾಲಿನಲ್ಲಿರುವ ಎಲ್ಲರೂ ಕಿವಿ ನೆಟ್ಟಗೆ ಮಾಡಿದ್ದಾರೆ. ಎರಡನೆಯ ಸಾಲು ಬರುತ್ತದೆ, ಅದು ಯಾರ ಮೇಲೆ ಬೀಳುತ್ತದೋ ನೋಡೋಣ ಎಂದು ಕಾಯುತ್ತಿದ್ದಾರೆ. ಎರಡನೆಯ ಸಾಲಿನಲ್ಲೂ ಅವನು ಹೆಸರು ಹೇಳುವುದಿಲ್ಲ. ‘ನೀರೆ’ ಅಂದರೆ ಯಾರು? ಅಲ್ಲಿ ಹತ್ತು ಜನ ಹುಡುಗಿಯರಿದ್ದಾರೆ. ಯಾರೂ ಉತ್ತರ ಕೊಡದಿದ್ದರೆ ಅವನಿಗೆ ಅವಮಾನ ಆಗುವುದಿಲ್ಲ. ಸುಮ್ನೆ ಒಂದು ಹಾಡು ಹಾಡಿದ, ಅಷ್ಟೆ. ಹುಡುಗಿಗೂ ಅಷ್ಟೇ ರಕ್ಷಣೆ ಇದೆ. ಅವಳು ತಲೆ ಎತ್ತದೆ ಕೊಯ್ಯುತ್ತಿದ್ದರೆ ಯಾರನ್ನೂ ನಿರಾಕರಿಸಿದ ಹಾಗಾಗುವುದಿಲ್ಲ.

ಆದರೆ ಅವಳು ಹಾಡುತ್ತಾಳೆ ಅಂತಿಟ್ಟುಕೊಳ್ಳಿ:

ಬೋರೆಯ ಮರದಲ್ಲಿ ಹಣ್ಣಿಗಿಂತ ಮುಳ್ಳೇ ಜಾಸ್ತಿ,
ಕುಡುಗೋಲೊಂದು ಬಿಟ್ಟರೆ ಏನಿದೆ ನಿನ್ನ ಆಸ್ತಿ?

ಮೇಲ್ನೋಟಕ್ಕೆ ಇದು ಬೈಗುಳ. ನಿನ್ನ ಹತ್ತಿರ ಏನೂ ಇಲ್ಲ ಅಂದುಬಿಟ್ಟಳು. ಸಾಲಿನಲ್ಲಿದ್ದವರು ನಗುತ್ತಾರೆ. ಆದರೆ ಅವಳು ಏನು ಮಾಡಿದಳು ನೋಡಿ. ಅವನು ತಂದ ಬೋರೆಯನ್ನೇ ಎತ್ತಿಕೊಂಡಳು. ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದೇನೆ ಅಂತ ಇದರಲ್ಲೇ ಹೇಳಿದಳು. ಮರದಲ್ಲಿ ಮುಳ್ಳಿದೆ ಅಂದಳು, ಹಣ್ಣೂ ಇದೆ ಅಂದಳು. ಹಣ್ಣಿಲ್ಲ ಅನ್ನಲಿಲ್ಲ. ಇನ್ನು ಆಸ್ತಿಯ ಪ್ರಶ್ನೆ. ಮದುವೆ ಮಾತುಕತೆಯಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ಅದು. ಅದನ್ನು ಅವಳು ನಗೆಯ ಒಳಗಿಟ್ಟು ತಾನೇ ಕೇಳಿದ್ದಾಳೆ. ಈಗ ಹುಡುಗನ ಸರದಿ:

ಕುಡುಗೋಲು ಸವೆದರೂ ಹರಿತ ಹೋಗಿಲ್ಲ,
ಮುಳ್ಳಿಗೆ ಹೆದರಿ ಹಣ್ಣು ಬಿಟ್ಟವ ನಾನಲ್ಲ.

ಅವಳ ಕುಡುಗೋಲು, ಅವಳ ಮುಳ್ಳು, ಎರಡನ್ನೂ ತಿರುಗಿಸಿ ಕೊಟ್ಟ. ಆಸ್ತಿ ಇದೆ ಎಂದು ಸುಳ್ಳು ಹೇಳಲಿಲ್ಲ. ದುಡಿಯುತ್ತೇನೆ ಅಂದ. ಕೋಪ ಮಾಡಿಕೊಂಡಿದ್ದರೆ ಅಲ್ಲಿಗೇ ಸೋತ ಹಾಗೆ. ಅವಳು ಅಳೆದು ನೋಡುತ್ತಿದ್ದುದು ಇದನ್ನೇ ಅಂತ ನನಗನ್ನಿಸುತ್ತದೆ. ನಾಲ್ಕು ಜನರ ಎದುರು ಚುಚ್ಚಿದರೆ ಇವನು ನಗುತ್ತಾನಾ, ಮುಖ ಊದಿಸುತ್ತಾನಾ? ಥಟ್ಟನೆ ಮಾತು ಹೊಳೆಯುತ್ತದಾ, ತಡವರಿಸುತ್ತಾನಾ? ಮುಂದೆ ಒಂದೇ ಮನೆಯಲ್ಲಿ ಬದುಕಬೇಕಾದವಳು ತಿಳಿದುಕೊಳ್ಳಬೇಕಾದ ವಿಷಯವೇ ಅಲ್ವಾ ಇದು?

ಬೇಡ ಅನ್ನುವುದೂ ಹಾಡಿನಲ್ಲೇ ಆಗುತ್ತದೆ. ಅವಳಿಗೆ ಮನಸ್ಸಿಲ್ಲದಿದ್ದರೆ ಹೀಗೆ ಹಾಡಬಹುದು:

ಹೊತ್ತು ಇಳೀತು, ಹೊರೆ ಕಟ್ಟೋದಿದೆ ಇನ್ನೂ,
ದಾರಿ ತಪ್ಪಿ ಬಂದವರಿಗೆ ಹಾಡಿ ಹೇಳಲಿ ಏನು?

ಇದರಲ್ಲಿ ಬೈಗುಳವೇ ಇಲ್ಲ. ಹಿಂದಿನದಕ್ಕಿಂತ ಮೃದುವಾಗಿಯೇ ಇದೆ. ಆದರೆ ಬೋರೆ ಮರ ಮಾಯವಾಗಿದೆ. ಅವನು ಕೊಟ್ಟ ಎಳೆಯನ್ನು ಅವಳು ಕೆಳಗೆ ಬಿಟ್ಟಿದ್ದಾಳೆ. ಕೀಟಲೆಯ ಹಾಡಿನಲ್ಲಿ ಖಾರ ಇದ್ದರೆ ಹೆದರಬೇಕಾಗಿಲ್ಲ. ಎಳೆ ಕಡಿದರೆ ಅಲ್ಲಿಗೆ ಮುಗಿಯಿತು. ಕಿವಿ ಇದ್ದವನಿಗೆ ಇದು ಅರ್ಥವಾಗುತ್ತದೆ. ಅರ್ಥವಾಗದೆ ಮತ್ತೆ ಅದೇ ಹುಡುಗಿಗೆ ಹಾಡಿದರೆ ಅದು ಹಾಡಲ್ಲ, ಕಾಟ. ಆಗ ಪಕ್ಕದ ಹೆಂಗಸರೆಲ್ಲ ಸೇರಿ ಅವನ ಮೇಲೆ ಹಾಡು ಕಟ್ಟಿದರೂ ಆಶ್ಚರ್ಯವಿಲ್ಲ.

ಅರ್ಧ ಮರೆಮಾಡಿ ಅರ್ಧ ಹೇಳುವ ಈ ಜಾಣತನ ಛತ್ತೀಸ್‌ಗಢದವರದೊಂದೇ ಅಲ್ಲ. ಮಲಯ ಭಾಷೆಯಲ್ಲಿ ಪಂತುನ್ ಎಂಬ ನಾಲ್ಕು ಸಾಲಿನ ಪದ್ಯ ಇದೆ. ಮೊದಲೆರಡು ಸಾಲು ಚಿತ್ರ, ಕೊನೆಯೆರಡು ಸಾಲು ಹೇಳಬೇಕಾದ ಮಾತು. ಪ್ರೇಮದ ಮಾತಿಗೂ, ಮದುವೆಯಲ್ಲಿ ಎರಡು ಕಡೆಯವರ ಸವಾಲು ಜವಾಬಿಗೂ ಅದನ್ನು ಬಳಸುತ್ತಾರೆ. 2020ರಲ್ಲಿ ಯುನೆಸ್ಕೊ ಅದನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಛತ್ತೀಸ್‌ಗಢದ ಕೊಯ್ಲಿನವರು, ಸಮುದ್ರದಾಚೆಯ ಮಲಯದವರು ಒಂದೇ ಉಪಾಯ ಕಂಡುಕೊಂಡಿದ್ದಾರೆ. ನನಗೆ ಇದು ತುಂಬಾ ಸಂತೋಷ ಕೊಡುವ ಸಂಗತಿ.

ಇನ್ನು ಮದುವೆ ಮನೆಗೆ ಬರೋಣ. ಅಲ್ಲಿ ಕೀಟಲೆಯ ರೀತಿ ಬದಲಾಗುತ್ತದೆ. ಛತ್ತೀಸ್‌ಗಢದ ಮದುವೆಯಲ್ಲಿ ‘ಚುಲ್‌ಮಾಟಿ’ ಎಂಬ ಶಾಸ್ತ್ರ ಇದೆ. ಮದುವೆಯ ಒಲೆಗೆ ಬೇಕಾದ ಮಣ್ಣನ್ನು ಹೆಂಗಸರು ಮೆರವಣಿಗೆಯಲ್ಲಿ ಹೋಗಿ ತರುತ್ತಾರೆ. ಮಣ್ಣು ಅಗೆಯುವವನನ್ನು ಸುತ್ತ ನಿಂತು ಹಾಡಿನಲ್ಲೇ ಕಾಡುತ್ತಾರೆ. ನಿನಗೆ ಅಗೆಯೋಕೂ ಬರಲ್ವಲ್ಲ ಅನ್ನುವ ಧಾಟಿ. ಆಮೇಲೆ ದಿಬ್ಬಣ ಬಂದಾಗ ‘ಭಡೌನಿ’ ಹಾಡುಗಳು. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಒಬ್ಬೊಬ್ಬರಾಗಿ ಹಿಡಿದು ಛೇಡಿಸುತ್ತಾರೆ. ಬೀಗರ ಹೊಟ್ಟೆ, ಅವರ ಮೀಸೆ, ದಿಬ್ಬಣದವರ ಹಸಿವು, ಯಾವುದನ್ನೂ ಬಿಡುವುದಿಲ್ಲ.

ಇಲ್ಲಿ ಮನಸ್ಸು ಕೇಳುವುದು ಎಲ್ಲಿಂದ ಬಂತು? ಮದುಮಕ್ಕಳ ಜೋಡಿಯಂತೂ ಆಗಲೇ ಗೊತ್ತಾಗಿದೆಯಲ್ಲ ಅಂತ ನೀವು ಕೇಳಬಹುದು. ನಿಜ. ಮದುಮಗನಿಗೆ ಬೀಳುವ ಪೆಟ್ಟು ಒಲಿಸುವುದಕ್ಕಲ್ಲ, ಅವನನ್ನು ಮನೆಯವನಾಗಿ ಮಾಡಿಕೊಳ್ಳುವುದಕ್ಕೆ. ಆದರೆ ಅವನ ಪಕ್ಕದಲ್ಲಿ ತಮ್ಮಂದಿರು, ಗೆಳೆಯರು ಕೂತಿರುತ್ತಾರೆ. ಹಾಡುವವರಲ್ಲಿ ಮದುಮಗಳ ತಂಗಿಯರು, ಗೆಳತಿಯರು ಇರುತ್ತಾರೆ. ಯಾರ ಮೇಲೆ ಹಾಡು ಎರಡು ಸಲ ಬಿತ್ತು, ಯಾರು ಅದಕ್ಕೆ ನಾಚಿದರು, ಇದನ್ನೆಲ್ಲ ಹಿರಿಯ ಹೆಂಗಸರು ನೋಡುತ್ತಿರುತ್ತಾರೆ. ಒಂದು ಮದುವೆಯ ಚಪ್ಪರದಲ್ಲಿ ಇನ್ನೊಂದು ಮದುವೆಯ ಮಾತು ಹುಟ್ಟುವುದು ಹೀಗೆ.

ಯಾರನ್ನು ಛೇಡಿಸಬಹುದು ಎನ್ನುವುದಕ್ಕೂ ಕಟ್ಟು ಇದೆ. ಭಾವ ನಾದಿನಿ ನಗಾಡಬಹುದು. ಅತ್ತಿಗೆ ಮೈದುನ ನಗಾಡಬಹುದು. ಗಂಡನ ಅಣ್ಣನ ಮುಂದೆ ಮಾತ್ರ ತಲೆ ಮೇಲೆ ಸೆರಗು, ಬಾಯಿಗೆ ಬೀಗ. ರ‍್ಯಾಡ್‌ಕ್ಲಿಫ್ ಬ್ರೌನ್ ಎಂಬ ಮಾನವಶಾಸ್ತ್ರಜ್ಞರು 1940ರಲ್ಲಿ ಇಂಥ ನಗೆಯ ನಂಟುಗಳ ಬಗ್ಗೆ ಒಂದು ಲೇಖನ ಬರೆದರು. ಮದುವೆಯಿಂದ ಎರಡು ಮನೆಗಳು ಹತ್ತಿರವೂ ಆಗುತ್ತವೆ, ಬೇರೆಯಾಗಿಯೂ ಉಳಿಯುತ್ತವೆ. ಆ ತಿಕ್ಕಾಟ ಜಗಳವಾಗದಂತೆ ಒಂದೋ ದೂರ ಇರಬೇಕು, ಇಲ್ಲವೇ ಪರಸ್ಪರ ಚೇಷ್ಟೆ ಮಾಡುತ್ತಾ ಯಾರೂ ಬೇಸರ ಮಾಡಿಕೊಳ್ಳಬಾರದು ಎಂಬ ಒಪ್ಪಂದ ಇರಬೇಕು. ಅವರು ಹೇಳಿದ್ದು ಇದನ್ನು. ಭಡೌನಿ ಹಾಡು ಕೇಳಿದರೆ ಈ ಮಾತು ಕಣ್ಣೆದುರೇ ಕಾಣುತ್ತದೆ.

ತಪ್ಪುವುದು ಎಲ್ಲಿ? ಹಾಡು ನಿಜವಾದ ಗಾಯವನ್ನು ಮುಟ್ಟಿದಾಗ. ಎಲ್ಲರ ಹೊಟ್ಟೆಯೂ ದೊಡ್ಡದೆಂದು ಹಾಡಿದರೆ ನಗು. ಕಾಲು ಊನವಾದವನ ಕಾಲಿನ ಬಗ್ಗೆ, ಸಾಲ ಮಾಡಿ ಬಂದವನ ಸಾಲದ ಬಗ್ಗೆ ಹಾಡಿದರೆ ನಗು ಬರುವುದಿಲ್ಲ. ಒಳ್ಳೆಯ ಹಾಡುಗಾರ್ತಿ ಸುಳ್ಳನ್ನೇ ಆರಿಸಿಕೊಳ್ಳುತ್ತಾಳೆ, ಅದೂ ಎಲ್ಲರಿಗೂ ಸುಳ್ಳೆಂದು ಗೊತ್ತಿರುವ ಸುಳ್ಳನ್ನು. ಗುರುತು ಹಿಡಿಯುವುದು ಸುಲಭ. ಪೆಟ್ಟು ತಿಂದವನೇ ಎಲ್ಲರಿಗಿಂತ ಮೊದಲು ನಕ್ಕರೆ ಹಾಡು ಸರಿಯಾಗಿ ಬಿದ್ದಿದೆ. ಅವನನ್ನು ಬಿಟ್ಟು ಉಳಿದವರು ನಕ್ಕರೆ ಎಲ್ಲೋ ಎಡವಿದೆ.

ವೆರಿಯರ್ ಎಲ್ವಿನ್ ಎಂಬ ಮಾನವಶಾಸ್ತ್ರಜ್ಞರು 1946ರಲ್ಲಿ ಛತ್ತೀಸ್‌ಗಢದ ಜನಪದ ಹಾಡುಗಳ ದೊಡ್ಡ ಸಂಗ್ರಹವನ್ನು ಇಂಗ್ಲಿಷಿನಲ್ಲಿ ತಂದರು. ಅಂಥ ಸಂಗ್ರಹಗಳು ಇಲ್ಲದಿದ್ದರೆ ಎಷ್ಟೋ ಹಾಡು ಉಳಿಯುತ್ತಿರಲಿಲ್ಲ. ಆದರೂ ಕಾಗದದ ಮೇಲೆ ಎರಡು ಸಾಲು ಓದುವಾಗ ನನಗೆ ಒಂದು ಕೊರತೆ ಕಾಡುತ್ತದೆ. ಆಗ ಬದುವಿನ ಮೇಲೆ ಯಾವ ಮರ ಇತ್ತು? ಯಾರು ತಲೆ ಎತ್ತಿದರು? ಈಗ ದದರಿಯಾ ವೇದಿಕೆಗೆ ಬಂದಿದೆ, ರೆಕಾರ್ಡಿಗೆ ಬಂದಿದೆ. ಇಬ್ಬರು ಗಾಯಕರು ಚೆನ್ನಾಗಿಯೇ ಹಾಡುತ್ತಾರೆ. ಆದರೆ ಅವಳು ಏನು ಹೇಳುತ್ತಾಳೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ. ಇತ್ತ ಗದ್ದೆಗೆ ಕೊಯ್ಲಿನ ಯಂತ್ರ ಬಂದಿದೆ. ಬೆನ್ನು ನೋವು ತಪ್ಪಿತು, ಅದು ಒಳ್ಳೆಯದೇ. ಬಗ್ಗಿ ಕೊಯ್ಯುವವರ ಆ ಸಾಲು ಮಾತ್ರ ಯಂತ್ರ ಬಂದ ಗದ್ದೆಯಲ್ಲಿ ಇಲ್ಲ.

ಯಾವಾಗಲಾದರೂ ಒಂದು ದದರಿಯಾ ನಿಮ್ಮ ಕಿವಿಗೆ ಬಿದ್ದರೆ, ಭಾಷೆ ಪೂರ್ತಿ ತಿಳಿಯದಿದ್ದರೂ ಪರವಾಗಿಲ್ಲ. ಮೊದಲ ದನಿ ತಂದ ಒಂದು ಪದವನ್ನು ಹಿಡಿದಿಟ್ಟುಕೊಳ್ಳಿ. ಎರಡನೆಯ ದನಿ ಬಂದಾಗ ಆ ಪದ ತಿರುಗಿ ಬಂತಾ ಅಂತ ಕೇಳಿ.

ನಮಸ್ಕಾರ.