ಆಫರ್ ವಾಪಸ್ ಪಡೆಯುವ ಪತ್ರ: ಆರೋಪ ಬೇಡ, ಷರತ್ತು ಸಾಕು

ನಮಸ್ಕಾರ. ಇವತ್ತಿನ ಮಾತು ಸಣ್ಣ ಫ್ಯಾಕ್ಟರಿ, ಆಫೀಸು ನಡೆಸುವವರಿಗೆ ಮತ್ತು ಅಲ್ಲಿ ಎಚ್‌ಆರ್ ನೋಡಿಕೊಳ್ಳುವವರಿಗೆ. ನೀವು ಆಫರ್ ಲೆಟರ್ ಕೊಟ್ಟಿದ್ದೀರಿ. ಅಭ್ಯರ್ಥಿ ಒಪ್ಪಿ ಸಹಿಯನ್ನೂ ಹಾಕಿದ್ದಾರೆ. ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ರಿಪೋರ್ಟ್ ಕೆಂಪಾಗಿ, ಅಂದರೆ ಯಾವುದೋ ವಿವರ ತಾಳೆಯಾಗಿಲ್ಲ ಎಂದು ಬರುತ್ತದೆ. ಕೆಲಸ ಕೊಡುವುದು ಬೇಡ ಎಂದು ನಿರ್ಧರಿಸುತ್ತೀರಿ. ಸರಿ. ಆದರೆ ಪತ್ರದಲ್ಲಿ ಏನು ಬರೆಯುತ್ತೀರಿ?

ನನ್ನ ಉತ್ತರ ಒಂದೇ. ಷರತ್ತು ಪೂರ್ತಿಯಾಗಿಲ್ಲ ಎಂದಷ್ಟೇ ಬರೆಯಿರಿ. ಆರೋಪ ಬರೆಯಬೇಡಿ.

ಕಾರಣ ಕೇಳಿ. 1872ರ ಕರಾರು ಕಾಯ್ದೆಯ ಪ್ರಕಾರ, ಆಫರ್ ಒಪ್ಪಿಕೊಂಡ ಮೇಲೆ ಅದು ಕರಾರು. ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯಲು ಬರುವುದಿಲ್ಲ. ಆದರೆ 'ವೆರಿಫಿಕೇಶನ್ ನಮಗೆ ತೃಪ್ತಿಯಾಗುವಂತೆ ಮುಗಿದರೆ ಮಾತ್ರ ಈ ನೇಮಕ' ಎಂಬ ಸಾಲು ಆಫರ್ ಲೆಟರ್‌ನಲ್ಲೇ ಇದ್ದರೆ ಮಾತು ಬೇರೆ. ಆಗ ಷರತ್ತು ಈಡೇರಲಿಲ್ಲ ಎಂದು ತೋರಿಸಿದರೆ ಸಾಕು. 'ನೀನು ಮೋಸಗಾರ' ಎಂದು ಬರೆದಿರೋ, ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ. ಬೇಕಾ ಅದು?

ಪೀಣ್ಯದ ಒಂದು ಕಾರ್ಖಾನೆಯ ಕಥೆ ಹೇಳುತ್ತೇನೆ. ಹೆಸರು ಬೇಡ. ಅಕೌಂಟ್ಸ್ ವಿಭಾಗಕ್ಕೆ ಒಬ್ಬರನ್ನು ಆರಿಸಿದ್ದರು. ಒಂದು ದೊಡ್ಡ ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ ಎಂದು ಅವರು ಬಯೋಡೇಟಾದಲ್ಲಿ ಬರೆದಿದ್ದರು. ವೆರಿಫಿಕೇಶನ್ ಏಜೆನ್ಸಿಯವರು ಆ ಕಂಪನಿಯನ್ನು ಕೇಳಿದರೆ, 'ಈ ಹೆಸರಿನ ನೌಕರರು ನಮ್ಮಲ್ಲಿ ಇರಲಿಲ್ಲ' ಎಂಬ ಉತ್ತರ ಬಂತು. ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು. ಅದೇ ಸಂಜೆ ಮೇಲ್ ಹೋಯಿತು. 'ನೀವು ನಕಲಿ ಅನುಭವ ಪತ್ರ ಕೊಟ್ಟು ವಂಚಿಸಲು ನೋಡಿದ್ದೀರಿ, ಆಫರ್ ರದ್ದು' ಅಂತ. ಅಷ್ಟಕ್ಕೇ ಬಿಡಬಾರದಿತ್ತೇ? ಪ್ಲೇಸ್‌ಮೆಂಟ್ ಏಜೆಂಟರಿಗೆ ಒಂದು ಕಾಪಿ. ಆ ಅಭ್ಯರ್ಥಿ ಆಗಿನ್ನೂ ಕೆಲಸದಲ್ಲಿದ್ದ ಕಂಪನಿಯ ಮ್ಯಾನೇಜರ್‌ಗೆ ಇನ್ನೊಂದು ಕಾಪಿ!

ನಿಜ ಸಂಗತಿ ಏನಾಗಿತ್ತು ಗೊತ್ತೇ? ಆತ ಆ ದೊಡ್ಡ ಕಂಪನಿಯ ಕಟ್ಟಡದಲ್ಲೇ ಮೂರು ವರ್ಷ ಕೂತು ಕೆಲಸ ಮಾಡಿದ್ದರು. ಆದರೆ ಸಂಬಳ ಕೊಡುತ್ತಿದ್ದದ್ದು ಕಾಂಟ್ರಾಕ್ಟರ್. ಪಿಎಫ್ ಕಟ್ಟಿದ್ದೂ ಕಾಂಟ್ರಾಕ್ಟರ್ ಹೆಸರಲ್ಲೇ. ಅವರ ಪಿಎಫ್ ನಂಬರ್ ಆದ ಯುಎಎನ್ ಹಾಕಿ ಸರ್ವಿಸ್ ಹಿಸ್ಟರಿ ತೆಗೆದರೆ ಎಲ್ಲ ಕಾಣುತ್ತಿತ್ತು. ಬಯೋಡೇಟಾದಲ್ಲಿ ಕಾಂಟ್ರಾಕ್ಟರ್ ಹೆಸರು ಬರೆಯದೇ ಇದ್ದದ್ದು ಅವರ ತಪ್ಪು, ಒಪ್ಪೋಣ. ಆದರೆ ಅದು ನಕಲಿ ಪತ್ರ ಅಲ್ಲವಲ್ಲ!

ಲಾಯರ್ ನೋಟಿಸ್ ಬಂತು. ಆಫರ್ ನಂಬಿ ರಾಜೀನಾಮೆ ಕೊಟ್ಟಿದ್ದಕ್ಕೆ ಪರಿಹಾರ ಒಂದು ಕಡೆ, ಮಾನನಷ್ಟ ಇನ್ನೊಂದು ಕಡೆ. ನಾನು ಕಡತ ನೋಡಿದೆ. ಆಫರ್ ಲೆಟರ್‌ನಲ್ಲಿ ವೆರಿಫಿಕೇಶನ್ ಷರತ್ತು ಚೆನ್ನಾಗಿಯೇ ಇತ್ತು. ಉದ್ಯೋಗದ ವಿವರ ತಾಳೆಯಾಗಲಿಲ್ಲ ಎಂದಷ್ಟೇ ಬರೆದಿದ್ದರೆ ಮಾಲೀಕರ ಕೈ ಬಲವಾಗಿರುತ್ತಿತ್ತು. 'ನಕಲಿ', 'ವಂಚನೆ' ಎಂಬ ಆ ಎರಡು ಮಾತು, ಜೊತೆಗೆ ಆ ಎರಡು ಕಾಪಿ, ಎಲ್ಲ ಕೆಡಿಸಿದವು. ಮಾತು ಮೂರನೆಯವರನ್ನು ತಲುಪಿದಾಗಲೇ ಮಾನನಷ್ಟದ ಪ್ರಶ್ನೆ ಏಳುವುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಅದು ಅಪರಾಧವೂ ಹೌದು. ಕೊನೆಗೆ ದುಡ್ಡು ಕೊಟ್ಟು ರಾಜಿ ಮಾಡಿಕೊಂಡರು.

ಹಾಗಾದರೆ ಹೇಗೆ ಬರೆಯಬೇಕು? ಪೆನ್ನು ಇದ್ದರೆ ಬರೆದುಕೊಳ್ಳಿ, ನಿಧಾನವಾಗಿ ಓದುತ್ತೇನೆ. 'ಇಂಥ ದಿನಾಂಕದ ನಮ್ಮ ಆಫರ್ ಲೆಟರ್‌ನ ಇಂಥ ಕಲಮಿನ ಪ್ರಕಾರ, ನಿಮ್ಮ ನೇಮಕವು ವೆರಿಫಿಕೇಶನ್ ತೃಪ್ತಿಕರವಾಗಿ ಮುಗಿಯುವುದಕ್ಕೆ ಒಳಪಟ್ಟಿತ್ತು. ನೀವು ಕೊಟ್ಟ ಹಿಂದಿನ ಉದ್ಯೋಗದ ವಿವರಕ್ಕೂ ನಮಗೆ ಸಿಕ್ಕ ಮಾಹಿತಿಗೂ ತಾಳೆಯಾಗಿಲ್ಲ. ಇಂಥ ದಿನ ನೀವು ಕಳಿಸಿದ ವಿವರಣೆಯನ್ನೂ ಪರಿಶೀಲಿಸಿದ್ದೇವೆ. ಷರತ್ತು ಪೂರ್ತಿಯಾಗದ ಕಾರಣ ಆಫರ್ ಹಿಂಪಡೆಯುತ್ತಿದ್ದೇವೆ.' ಮುಗಿಯಿತು. ಬುದ್ಧಿವಾದ ಬೇಡ, ಬೆದರಿಕೆ ಬೇಡ, 'ಬೇರೆಯವರಿಗೂ ತಿಳಿಸುತ್ತೇವೆ' ಅನ್ನೋದು ಬೇಡವೇ ಬೇಡ.

'ನೀವು ಕಳಿಸಿದ ವಿವರಣೆ' ಎಂದೆ, ಗಮನಿಸಿದಿರಾ? ಅಂದರೆ ಮೊದಲು ಕೇಳಿರಬೇಕು. ಯಾವ ವಿವರ ತಾಳೆಯಾಗಲಿಲ್ಲ ಎಂದು ಮೇಲ್‌ನಲ್ಲಿ ತಿಳಿಸಿ, ಉತ್ತರಕ್ಕೆ ನಾಲ್ಕೈದು ಕೆಲಸದ ದಿನ ಕೊಡಿ. ಪೀಣ್ಯದವರು ಕೇಳಿದ್ದರೆ ಪಿಎಫ್ ದಾಖಲೆ ಮರುದಿನವೇ ಬರುತ್ತಿತ್ತು. ಉತ್ತರ ಬರಲೇ ಇಲ್ಲವೇ? ಹಾಗೆಂದೇ ಪತ್ರದಲ್ಲಿ ಬರೆಯಿರಿ.

ಸಮಯ ಆಗುತ್ತಾ ಬಂತು, ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಇದೆಲ್ಲ ಕೆಲಸಕ್ಕೆ ಸೇರುವ ಮೊದಲಿನ ಮಾತು. ಸೇರಿದ ಮೇಲೆ ರಿಪೋರ್ಟ್ ಬಂದರೆ ಅದು ಆಫರ್ ವಾಪಸ್ ಅಲ್ಲ, ಕೆಲಸದಿಂದ ತೆಗೆಯುವುದು. ಅದರ ಕ್ರಮವೇ ಬೇರೆ, ಈ ಪತ್ರ ಅಲ್ಲಿ ನಡೆಯುವುದಿಲ್ಲ. ಮತ್ತೆ, ಪತ್ರ ಅಭ್ಯರ್ಥಿಗೆ ಮಾತ್ರ ಹೋಗಲಿ. ಏಜೆಂಟರು ಕೇಳಿದರೆ 'ನೇಮಕ ಮುಂದುವರಿಯುತ್ತಿಲ್ಲ' ಅಂದರೆ ಸಾಕು. ಅಭ್ಯರ್ಥಿಯ ಮೂಲ ಅಂಕಪಟ್ಟಿ ನಿಮ್ಮ ಬೀರುವಿನಲ್ಲಿ ಇದ್ದರೆ ಅವತ್ತೇ ಕೊಟ್ಟು ಸಹಿ ಪಡೆಯಿರಿ. ನಮಸ್ಕಾರ.